ಬಾರದ ಆರ್ಡರ್‌ಗಳ ಜಾಡು

ಬೇಕರಿಯೊಂದರ ವೆಬ್‌ಸೈಟ್‌ನಲ್ಲಿ ಕೇಕ್ ಆರ್ಡರ್ ಫಾರ್ಮ್ ತುಂಬಿದರೆ ‘ಕಳುಹಿಸಲಾಗಿದೆ’ ಎಂದು ಬರುತ್ತಿತ್ತು. ಮಾಲೀಕರಿಗೆ ಮಾತ್ರ ಮೇಲ್ ತಲುಪುತ್ತಿರಲಿಲ್ಲ. “ಎಷ್ಟು ಹೊತ್ತಾಗುತ್ತೆ ಸರ್?” ಎಂದರು. ಕಾರಣ ಗೊತ್ತಿಲ್ಲದೆ ಅವಧಿ ಹೇಳಿದರೆ ಅದು ಬರೀ ಊಹೆ. “ಕಾರಣ ಹುಡುಕೋಕೆ 2 ಗಂಟೆ. ರಿಪೇರಿ ಲೆಕ್ಕ ಆಮೇಲೆ ಹೇಳ್ತೀನಿ” ಎಂದೆ.

ಫಾರ್ಮ್, ಕಳುಹಿಸುವವರ ಜಾಗದಲ್ಲಿ ಗ್ರಾಹಕರ ಜಿಮೇಲ್ ವಿಳಾಸವನ್ನೇ ಹಾಕುತ್ತಿತ್ತು. ಬೇರೆ ಸರ್ವರ್‌ನಿಂದ ಹೊರಟ ಅಂಥ ಮೇಲ್ ನಕಲಿಯಂತೆ ಕಂಡು ಸ್ಪ್ಯಾಮ್‌ಗೆ ಬೀಳುತ್ತಿತ್ತು. `From` ಜಾಗಕ್ಕೆ ಬೇಕರಿಯ ಡೊಮೈನ್ ವಿಳಾಸ, `Reply-To` ಜಾಗಕ್ಕೆ ಗ್ರಾಹಕರ ವಿಳಾಸ ಹಾಕಿದೆ. 1 ಗಂಟೆಯ ಕೆಲಸ.

ಒಪ್ಪಿಸುವ ಮುನ್ನ ಮಾಲೀಕರ ಫೋನಿನಿಂದಲೇ ಕನ್ನಡದಲ್ಲಿ ಆರ್ಡರ್ ತುಂಬಿದೆವು. ಮೇಲ್ ಇನ್‌ಬಾಕ್ಸ್‌ಗೇ ಬಂತು. ಅದಕ್ಕೆ ಕೊಟ್ಟ ಉತ್ತರ ಗ್ರಾಹಕರ ವಿಳಾಸಕ್ಕೇ ಹೋಯಿತು. ಆಮೇಲಷ್ಟೇ ಬಿಲ್ ಕೊಟ್ಟೆ.