ಸೇವಂತಿಗೆ ಹೊಲಕ್ಕೆ ನಡುರಾತ್ರಿಯ ದೀಪ

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಓಡಾಡಿದವರು ಸೇವಂತಿಗೆ ಹೊಲಗಳಲ್ಲಿ ಸಾಲಾಗಿ ಬಲ್ಬು ಉರಿಯುವುದನ್ನು ನೋಡಿರಬಹುದು. ಹೂ ಬೇಗ ಬರಲೆಂದು ಹಾಕಿದ ದೀಪ ಅದು ಎಂದು ಹಲವರು ತಿಳಿಯುತ್ತಾರೆ. ಹಾಕಿರುವುದು ಹೂವನ್ನು ತಡೆಯಲಿಕ್ಕೆ.

ಸೇವಂತಿಗೆ ಹ್ರಸ್ವದಿನ ಸಸ್ಯ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತಂಬಾಕಿನ ಗಿಡಗಳನ್ನು ಕತ್ತಲಕೋಣೆಗೆ ಸಾಗಿಸಿ ನೋಡಿ, ಹೂ ಬಿಡುವ ಕಾಲವನ್ನು ಹಗಲಿನ ಉದ್ದ ನಿರ್ಧರಿಸುತ್ತದೆ ಎಂದು ತೋರಿಸಿದರು. ಆದರೆ ಗಿಡ ಅಳೆಯುವುದು ರಾತ್ರಿಯನ್ನು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಒಂದು ಕಳೆಗಿಡದ ಮೇಲೆ ಅದನ್ನು ಪರೀಕ್ಷಿಸಿದರು. ಹಗಲಿನ ನಡುವೆ ಕತ್ತಲು ಮಾಡಿದರೂ ಹೂ ಬಂತು. ರಾತ್ರಿಯ ನಡುವೆ ತುಸು ಹೊತ್ತು ಬೆಳಕು ಬಿಟ್ಟರೆ ಬರಲಿಲ್ಲ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕಿನ ಕೆಂಪು ಭಾಗಕ್ಕೆ ಚುರುಕಾಗುತ್ತದೆ, ಕತ್ತಲಲ್ಲಿ ಮೆಲ್ಲಗೆ ಸುಮ್ಮನಾಗುತ್ತದೆ. ನಡುವೆ ಬೆಳಕು ಬಿದ್ದರೆ ಅಷ್ಟು ಹೊತ್ತಿನ ಕತ್ತಲು ಲೆಕ್ಕಕ್ಕೆ ಬರುವುದಿಲ್ಲ. ಬಾರ್ಲಿಯಂಥ ದೀರ್ಘದಿನ ಸಸ್ಯಗಳಿಗಾದರೆ ಇದೇ ದೀಪ ತೆನೆಯನ್ನು ಬೇಗ ತರಿಸುತ್ತದೆ.

ಕಟಾವು ಹೂವಿನ ಸೇವಂತಿಗೆ ತಳಿಗಳು ಒಂದೇ ಸಮನೆ ಹತ್ತು ಗಂಟೆಯಷ್ಟು ಕತ್ತಲು ಸಿಕ್ಕರೆ ಮೊಗ್ಗಿಗೆ ಇಳಿಯುತ್ತವೆ. ಬೇಸಿಗೆಯ ಹಗಲು ಹದಿನಾರು ಗಂಟೆ ದಾಟುವ ಹಾಲೆಂಡಿನಲ್ಲಿ ಅಷ್ಟು ಕತ್ತಲಿಗಾಗಿ ಗಿಡಗಳಿಗೆ ಕಪ್ಪು ಪರದೆ ಎಳೆಯಬೇಕು. ಬೆಂಗಳೂರಿನ ಸುತ್ತ ಜೂನ್‌ನಲ್ಲೂ ರಾತ್ರಿ ಹನ್ನೊಂದು ಗಂಟೆ ಇರುತ್ತದೆ. ಅಂದರೆ ಇಲ್ಲಿ ಸುಮ್ಮನೆ ಬಿಟ್ಟರೆ ಗೇಣುದ್ದದ ಗಿಡವೇ ಮೊಗ್ಗು ಕಟ್ಟಿಬಿಡುತ್ತದೆ, ಹೂವಿಗೆ ಕಾಂಡವೇ ಇರುವುದಿಲ್ಲ.

ಹಾಗಾಗಿ ಲೆಕ್ಕ ಹಬ್ಬದಿಂದ ಹಿಂದಕ್ಕೆ ಹೋಗುತ್ತದೆ. ಆಗಸ್ಟ್ ಕೊನೆಯ ವಾರದ ವರಮಹಾಲಕ್ಷ್ಮಿಗೆ ಹೂ ಬೇಕು, ತಳಿ ಎಂಟು ವಾರದ್ದು ಎನ್ನೋಣ. ಜುಲೈ ಮೊದಲಿಗೆ ದೀಪ ಆರಿಸಬೇಕು. ಅದಕ್ಕೂ ಮುಂಚೆ ಗಿಡ ಒಂದಡಿ ಎತ್ತರವಾಗಲು ನಾಲ್ಕು ವಾರ ಬೇಕು, ಆದ್ದರಿಂದ ಜೂನ್ ಆರಂಭದಲ್ಲಿ ಸಸಿ ನಾಟಿ. ಆ ನಾಲ್ಕು ವಾರವೂ ಪ್ರತಿ ರಾತ್ರಿ ಹತ್ತರಿಂದ ಎರಡರವರೆಗೆ ದೀಪ. ರಾತ್ರಿ ಎರಡು ತುಂಡಾಗುತ್ತದೆ, ಯಾವ ತುಂಡೂ ಮೊಗ್ಗಿಗೆ ಸಾಲುವುದಿಲ್ಲ. ಗಿಡದ ತುದಿಯಲ್ಲಿ ನೂರು ಲಕ್ಸ್‌ನಷ್ಟು ಬೆಳಕಿದ್ದರೆ ಸಾಕು. ಅದು ಆಹಾರ ತಯಾರಿಗಲ್ಲ, ಬರೀ ಸೂಚನೆಗೆ.

ಕೆಡುವುದು ಹೆಚ್ಚಾಗಿ ಕರೆಂಟಿನಿಂದ. ಒಂದು ರಾತ್ರಿ ತಪ್ಪಿದರೆ ಅಂಥ ನಷ್ಟವಿಲ್ಲ, ಸತತ ನಾಲ್ಕೈದು ರಾತ್ರಿ ತಪ್ಪಿದರೆ ತುದಿಯಲ್ಲಿ ಗುಂಡಿಯಂಥ ಮೊಗ್ಗು ಮೂಡುತ್ತದೆ. ಮತ್ತೆ ದೀಪ ಹಾಕಿದರೆ ಆ ಮೊಗ್ಗು ಅರಳದೆ ಅಲ್ಲೇ ನಿಲ್ಲುತ್ತದೆ, ಅದರ ಕೆಳಗಿನಿಂದ ಕವಲುಗಳು ಮೇಲೇಳುತ್ತವೆ. ಗುರುತು ಸುಲಭ: ಮೊಗ್ಗಿನ ಕೆಳಗಿನ ಎಲೆಗಳು ಅಂಚಿನ ಸೀಳಿಲ್ಲದೆ ಪಟ್ಟಿಯಂತೆ ಕಿರಿದಾಗಿರುತ್ತವೆ.

ದೀಪ ಆರಿಸಿದ ಮೇಲೆ ತೊಂದರೆ ತಿರುಗುಮುರುಗು. ಇಡೀ ಹೊಲ ಮೊಗ್ಗಾಗಿದ್ದರೂ ರಸ್ತೆ ಬದಿಯ ಸಾಲು ಮಾತ್ರ ಹಸಿರಾಗಿ ಬೆಳೆಯುತ್ತಲೇ ಇದ್ದರೆ, ಗೊಬ್ಬರ ಹೆಚ್ಚಾಯಿತೇ ಎಂದು ಯೋಚಿಸುವ ಮುನ್ನ ಬೀದಿದೀಪ ಎಲ್ಲಿದೆ ನೋಡಬೇಕು.