ಬೀಳು ಹೊಲ ಸುಮ್ಮನೆ ಬಿದ್ದಿರುವುದಿಲ್ಲ

ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಅಜ್ಜನ ಊರು ಅರಸೀಕೆರೆ ತಾಲ್ಲೂಕಿನ ಜಾವಗಲ್ ಹತ್ತಿರ. ಪತ್ರಿಕೆಯ ಕೃಷಿ ಪುಟದಲ್ಲಿ ‘ಬೀಳು ಪ್ರದೇಶ ಹೆಚ್ಚಳ’, ‘ಮಾಗಿ ಉಳುಮೆಗೆ ಸಲಹೆ’, ‘ಹೊದಿಕೆಯಿಂದ ತೇವ ರಕ್ಷಣೆ’, ‘ಇಳುವರಿ ಕುಸಿತ’ ಎಂಬ ಸುದ್ದಿಗಳನ್ನು ತಪ್ಪದೆ ಓದುತ್ತಾರಂತೆ. ಓದಿದ ಮೇಲೂ ಹೊಲದಲ್ಲಿ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಟ್ಟುವುದಿಲ್ಲ. “ಬೀಳು ಬಿಟ್ಟ ಹೊಲ ಅಂದರೆ ರೈತ ಕೈಬಿಟ್ಟ ಹೊಲ ಅಂತಲೇ ಅರ್ಥವೇ?” ಎಂದು ಕೇಳಿದ್ದಾರೆ.

ಅಲ್ಲ. ಈ ತಪ್ಪು ತಿಳಿವಳಿಕೆ ನಗರದಲ್ಲಷ್ಟೇ ಅಲ್ಲ, ಹಳ್ಳಿಯಲ್ಲೂ ಇದೆ. ಬೀಳು, ಉಳುಮೆ, ಹೊದಿಕೆ, ಇಳುವರಿ ಈ ನಾಲ್ಕೂ ಒಂದೇ ಲೆಕ್ಕದ ನಾಲ್ಕು ಸಾಲುಗಳು. ಬಿದ್ದ ಮಳೆಯಲ್ಲಿ ಮಣ್ಣಿನೊಳಗೆ ಉಳಿದದ್ದೆಷ್ಟು, ಅದು ಕಾಳಾಗಿ ತಿರುಗಿದ್ದೆಷ್ಟು ಎಂಬುದೇ ಆ ಲೆಕ್ಕ. ಬೇಲೂರು, ಹಳೇಬೀಡಿನಿಂದ ಜಾವಗಲ್ ದಾಟಿ ಅರಸೀಕೆರೆಯತ್ತ ಸಾಗಿದಂತೆ ಮಲೆನಾಡಿನ ಮಳೆ ಹಿಂದೆ ಉಳಿಯುತ್ತದೆ, ಖುಷ್ಕಿ ಹೊಲಗಳು ಎದುರಾಗುತ್ತವೆ. ಈ ಲೆಕ್ಕ ಕಲಿಯಲು ಅಜ್ಜನ ಊರಿನ ರಾಗಿ ಹೊಲಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಈ ಸೀಮೆಯಲ್ಲಿ ರಾಗಿ ಕೊಯ್ಲು ನವೆಂಬರ್, ಡಿಸೆಂಬರಿನ ಹೊತ್ತಿಗೆ ಮುಗಿಯುತ್ತದೆ. ಮುಂದಿನ ರಾಗಿ ಬಿತ್ತನೆ ಜುಲೈ ಆಸುಪಾಸಿನಲ್ಲಿ. ನಡುವೆ ಹೆಸರು, ಅಲಸಂದೆ ಅಥವಾ ಎಳ್ಳು ಹಾಕದಿದ್ದರೆ ಆರೇಳು ತಿಂಗಳು ಹೊಲದಲ್ಲಿ ಬೆಳೆಯೇ ಇರುವುದಿಲ್ಲ. ಆದರೆ ಅದೇ ಅವಧಿಯಲ್ಲಿ ಭರಣಿ, ಕೃತ್ತಿಕೆ ಮಳೆಗಳು ಬರುತ್ತವೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು. ಒಂದು ಸಂಜೆ 25 ಮಿ.ಮೀ. ಸುರಿದರೆ ಆ ಎಕರೆಗೆ ಒಂದು ಲಕ್ಷ ಲೀಟರ್ ಬಂದಂತಾಯಿತು. ಕೊಯ್ಲಾದ ಹೊಲ ಹಾಗೇ ಗಟ್ಟಿಯಾಗಿ ಬಿದ್ದಿದ್ದರೆ ಇದರಲ್ಲಿ ದೊಡ್ಡ ಪಾಲು ಬದು ದಾಟಿ ಹಳ್ಳಕ್ಕೆ ಹರಿಯಬಹುದು, ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ.

ಮಾಗಿ ಉಳುಮೆಯ ಸಲಹೆ ಬರುವುದು ಇದಕ್ಕಾಗಿ. ಕೊಯ್ಲಿನ ನಂತರ ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಇಲ್ಲವೇ ಬೇಸಿಗೆಯ ಮೊದಲ ಮಳೆ ಬಿದ್ದ ಕೂಡಲೇ, ಇಳಿಜಾರಿಗೆ ಅಡ್ಡಲಾಗಿ ಉತ್ತು ಹೆಂಟೆಗಳನ್ನು ಹಾಗೇ ಬಿಡುತ್ತಾರೆ. ಈ ಹಂತದಲ್ಲಿ ಹೆಂಟೆ ಒಡೆದು ನುಣುಪು ಮಾಡುವ ಅಗತ್ಯವಿಲ್ಲ. ಹೆಂಟೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತು ಇಂಗುತ್ತದೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೀಳು ಹೊಲದಲ್ಲಿ ಕಳೆ ಹಸಿರಾಗಿ ನಿಂತಿದ್ದರೆ ಅದು ನೀರನ್ನು ಕೂಡಿಡುವ ಬೀಳಲ್ಲ, ನೀರನ್ನು ಕಳೆದುಕೊಳ್ಳುವ ಬೀಳು. ರಾಗಿಗೆ ಸಲ್ಲಬೇಕಾದ ನೀರನ್ನು ಕಳೆ ಕುಡಿದಿರುತ್ತದೆ.

ಸರ್ಕಾರಿ ಅಂಕಿ ಅಂಶಗಳಲ್ಲಿ ಬೀಳು ಎಂಬುದಕ್ಕೆ ಬೇರೆಯೇ ಅಳತೆ ಇದೆ. ಆ ವರ್ಷ ಮಾತ್ರ ಬಿತ್ತದೆ ಬಿಟ್ಟದ್ದು ಚಾಲ್ತಿ ಬೀಳು. ಒಂದು ವರ್ಷ ಮೀರಿ ಐದು ವರ್ಷದವರೆಗೆ ಬಿಟ್ಟದ್ದು ಇತರೆ ಬೀಳು. ಐದು ವರ್ಷ ದಾಟಿತೆಂದರೆ ಅದು ಬೀಳಿನ ಪಟ್ಟಿಯಿಂದ ಹೊರಗೆ, ಸಾಗುವಳಿಗೆ ಯೋಗ್ಯವಾದ ಪಾಳು ಭೂಮಿಯ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳೆಲ್ಲ ನಗರ ಸೇರಿ ಉಳುವವರಿಲ್ಲದ ಹೊಲವೂ, ಮುಂಗಾರು ಕೈಕೊಟ್ಟು ಒಂದು ವರ್ಷ ಬಿತ್ತಲಾಗದ ಹೊಲವೂ ಸುದ್ದಿಯಲ್ಲಿ ‘ಬೀಳು’ ಎಂದೇ ಬರಬಹುದು. ಯಾವ ಬೀಳು ಎಂದು ವಿಚಾರಿಸದೆ ಆ ಸುದ್ದಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ.

ಇನ್ನು ನನಗೆ ಅತ್ಯಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಮಳೆ ಬಂದ ನಾಲ್ಕೈದು ದಿನಕ್ಕೆ ಖುಷ್ಕಿ ರೈತರು ಖಾಲಿ ಹೊಲದಲ್ಲಿ ಕುಂಟೆ ಹೊಡೆಯುತ್ತಾರೆ. ಬೆಳೆಯಿಲ್ಲದ, ಕಳೆಯೂ ಇನ್ನೂ ಏಳದ ಹೊಲವನ್ನು ಇವರು ಯಾಕೆ ಹರಗುತ್ತಿದ್ದಾರೆ ಎಂದು ನೋಡುವವರಿಗೆ ಅನ್ನಿಸಬಹುದು. ಜಾವಗಲ್ ಕಡೆಯ ಹಿರಿಯ ರೈತರೊಬ್ಬರನ್ನು ಇದನ್ನೇ ಕೇಳಿದೆ. “ಮೇಲೆ ಒಣಗ್ಸಿದ್ರೆ ಕೆಳಗೆ ಉಳೀತದೆ ಸಾರ್” ಎಂದರು. ಕುಂಟೆ ಹೊಡೆದ ಹೊಲದಲ್ಲಿ ಕೂತು, ಮೇಲಿನ ಎರಡು ಅಂಗುಲ ಸಡಿಲ ಮಣ್ಣನ್ನು ಕೈಯಿಂದ ಸರಿಸಿದೆ. ಬಿಸಿಲಿಗೆ ಕಾದ, ಬೆರಳಿಗೆ ಅಂಟದ ಪುಡಿ. ಅದರ ಕೆಳಗೆ ತಣ್ಣಗಿನ, ಬಣ್ಣ ಗಾಢವಾದ ಹಸಿ ಮಣ್ಣು. ಒಣ ಮತ್ತು ಹಸಿಯ ನಡುವಿನ ಗೆರೆ ಕತ್ತರಿಸಿದಷ್ಟು ಸ್ಪಷ್ಟವಾಗಿತ್ತು.

ಇದರ ಹಿಂದಿನ ವಿಜ್ಞಾನ ಸುಂದರವಾಗಿದೆ. ಮಣ್ಣಿನ ಕಣಗಳ ನಡುವೆ ಕೂದಲಿಗಿಂತ ತೆಳುವಾದ ಸಂದುಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಈ ಸಂದುಗಳು ಕೆಳಗಿನ ನೀರನ್ನು ಮೇಲ್ಮೈಗೆ ಎಳೆಯುತ್ತವೆ, ಬಿಸಿಲು ಅದನ್ನು ಆವಿ ಮಾಡುತ್ತದೆ. ಬೇಸಿಗೆಯಲ್ಲಿ ಒದ್ದೆ ನೆಲದಿಂದ ದಿನಕ್ಕೆ ನಾಲ್ಕೈದು ಮಿ.ಮೀ. ನೀರು ಹೀಗೆ ಹೋಗಬಹುದು. ಎಕರೆಗೆ ದಿನವೊಂದಕ್ಕೆ ಹದಿನಾರರಿಂದ ಇಪ್ಪತ್ತು ಸಾವಿರ ಲೀಟರ್. ಕುಂಟೆಯ ಅಲಗು ಮೇಲ್ಪದರವನ್ನು ಕತ್ತರಿಸಿ ಸಡಿಲ ಮಾಡಿದಾಗ ಸಂದುಗಳ ಸರಣಿ ತುಂಡಾಗುತ್ತದೆ. ಸಡಿಲ ಮಣ್ಣಿನ ದೊಡ್ಡ ಖಾಲಿ ಜಾಗಗಳಿಗೆ ನೀರನ್ನು ಮೇಲೆಳೆಯುವ ಶಕ್ತಿಯಿಲ್ಲ. ಆಮೇಲೆ ನೀರು ಆವಿಯಾಗಿ, ಒಣ ಪದರದ ಮೂಲಕ ನಿಧಾನವಾಗಿ ಮಾತ್ರ ಹೊರಹೋಗಬೇಕು. ಅಂದರೆ ರೈತ ಮಣ್ಣಿಗೆ ಮಣ್ಣನ್ನೇ ಹೊದಿಸಿದ್ದಾನೆ.

ಇದು ಫಲಿಸಬೇಕಾದರೆ ಹದ ಗೊತ್ತಿರಬೇಕು. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ನೀರು ಜಿನುಗಿದರೆ ಅಥವಾ ಅಂಗೈಗೆ ಮೆತ್ತಿಕೊಂಡರೆ ಕುಂಟೆ ಇಳಿಸಬಾರದು, ಇಳಿಸಿದರೆ ಮಣ್ಣು ಮೆತ್ತಿ ಗಟ್ಟಿ ಹೆಂಟೆಯಾಗುತ್ತದೆ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದರೆ ಉದುರುವಂತಿದ್ದರೆ ಅದೇ ಹದ. ಉಂಡೆಯೇ ಕಟ್ಟದಿದ್ದರೆ ತಡವಾಯಿತು, ಮೇಲಿನ ನೀರು ಆಗಲೇ ಹೋಗಿದೆ. ಮಣ್ಣಿನ ಗುಣದ ಮೇಲೂ ಫಲ ಬೇರೆಬೇರೆ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಒಣ ಪದರ ತಾನಾಗಿಯೇ ಬೇಗ ಕಟ್ಟುವುದರಿಂದ ಕುಂಟೆಯ ಹೆಚ್ಚುವರಿ ಲಾಭ ಕಡಿಮೆ. ಬಿರುಕು ಬಿಡುವ ಎರೆ ಮಣ್ಣಿನಲ್ಲಿ ಕುಂಟೆ ಬಿರುಕುಗಳನ್ನು ಮುಚ್ಚುವುದರಿಂದ ಲಾಭ ಹೆಚ್ಚು.

ಒಂದು ಒಳ್ಳೆಯ ಉಪಾಯವನ್ನು ಮಿತಿಮೀರಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಯಲುಸೀಮೆ ಸಾಕ್ಷಿ. ಅಲ್ಲಿ 20ನೇ ಶತಮಾನದ ಆರಂಭದಲ್ಲಿ ಇದೇ ಪುಡಿ ಮಣ್ಣಿನ ಹೊದಿಕೆಯನ್ನು ಒಣಬೇಸಾಯದ ಮಹಾಮಂತ್ರವೆಂದು ಸಾರಲಾಯಿತು. ಹುಲ್ಲುಗಾವಲು ಉತ್ತು, ಬೀಳು ನೆಲವನ್ನು ಹುಡಿ ಮಾಡಿ ಬಿಟ್ಟಿದ್ದ ಪ್ರದೇಶಗಳಲ್ಲಿ 1930ರ ದಶಕದ ಬರಗಾಲ ಬಂದಾಗ ಮೇಲ್ಮಣ್ಣು ಗಾಳಿಗೆ ಎದ್ದು ಕಪ್ಪು ಮೋಡದಂತೆ ಊರೂರನ್ನು ಮುಚ್ಚಿತು. ನಮ್ಮಲ್ಲಿ ಈಗ ಅದೇ ಕೆಲಸವನ್ನು ರೋಟವೇಟರ್ ಮಾಡುತ್ತಿದೆ. ವರ್ಷಕ್ಕೆ ನಾಲ್ಕು ಸಲ ರೋಟವೇಟರ್ ಹೊಡೆಸಿ “ಹೊಲ ಹಿಟ್ಟಿನ ಹಾಗೆ ಆಗಿದೆ” ಎಂದು ಹೆಮ್ಮೆಪಡುವವರಿದ್ದಾರೆ. ಆ ಹಿಟ್ಟಿನ ಮೇಲೆ ಜೋರು ಮಳೆ ಬಿದ್ದು ಬಿಸಿಲು ಕಾದರೆ ಗಟ್ಟಿ ಹಕ್ಕಳೆ ಕಟ್ಟುತ್ತದೆ. ರಾಗಿಯಂಥ ಸಣ್ಣ ಬೀಜದ ಮೊಳಕೆ ಅದನ್ನು ಸೀಳಿ ಮೇಲೆ ಬರಲಾರದು. ಅಲಗು ಪ್ರತಿ ಸಲ ಒಂದೇ ಆಳಕ್ಕೆ ಇಳಿಯುವುದರಿಂದ ಅದರ ಕೆಳಗೆ ಬೇರಿಗೂ ನೀರಿಗೂ ದಾರಿ ಬಿಡದ ಗಡಸು ಪದರ ಕೂಡ ಉಂಟಾಗುತ್ತದೆ. ಮಳೆಗಾಗಿ ಕಪ್ಪೆಗಳ ಮದುವೆ ಮಾಡಿಸುವ ಊರಿನಲ್ಲೇ, ಬಂದ ಮಳೆಯನ್ನು ಒಳಗೆ ಬಿಟ್ಟುಕೊಳ್ಳದ ಹೊಲ ಸಿದ್ಧವಾಗುತ್ತಿರುವುದನ್ನು ಕಂಡರೆ ಬೇಸರವಾಗುತ್ತದೆ. ಕಪ್ಪೆಗೆ ಮಳೆ ತರಿಸುವ ಶಕ್ತಿಯಿಲ್ಲ. ಬಂದ ಮಳೆಯನ್ನು ಹಿಡಿಯುವ ಶಕ್ತಿ ಮಾತ್ರ ನಮ್ಮ ಕೈಯಲ್ಲಿದೆ.

ಮಣ್ಣಿಗಿಂತ ಉತ್ತಮವಾದ ಹೊದಿಕೆ ಎಂದರೆ ಸತ್ತೆ ಸೊಪ್ಪು. ಅದು ಬಿಸಿಲನ್ನೂ ತಡೆಯುತ್ತದೆ, ಮಳೆಹನಿಯ ಏಟನ್ನೂ ತಡೆಯುತ್ತದೆ, ಕೊನೆಗೆ ಕೊಳೆತು ಗೊಬ್ಬರವಾಗುತ್ತದೆ. ರಾಗಿ ಹೊಲದಲ್ಲಿ ತೊಡಕೆಂದರೆ ರಾಗಿ ಹುಲ್ಲು ದನದ ಮೇವು, ಅದನ್ನು ನೆಲಕ್ಕೆ ಹಾಸಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅರಸೀಕೆರೆ ತೆಂಗಿನ ಸೀಮೆ. ಕಾಯಿ ಸುಲಿದ ಮಟ್ಟೆ ಅಲ್ಲಿ ರಾಶಿ ಬೀಳುತ್ತದೆ, ಎಷ್ಟೋ ಕಡೆ ಸುಮ್ಮನೆ ಸುಡುತ್ತಾರೆ. ಒಣ ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹೀರಿಕೊಳ್ಳಬಲ್ಲದು. 1916ರಲ್ಲಿ ಸಂಶೋಧನೆ ಶುರುವಾದ ಕಾಸರಗೋಡಿನ ತೆಂಗು ಕೇಂದ್ರ, ಅಂದರೆ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಮಟ್ಟೆಯನ್ನು ಎರಡು ರೀತಿ ಬಳಸಲು ಹೇಳುತ್ತದೆ. ಮರದ ಪಾತಿಯ ಮೇಲೆ ಹೊದಿಕೆಯಾಗಿ ಹಾಸುವುದಾದರೆ ಉಬ್ಬು ಮೇಲಾಗಿ, ಬೋರಲು ಹಾಕಬೇಕು. ಕೆಳಗಿನ ತೇವ ಆವಿಯಾಗದಂತೆ ಅದು ಮುಚ್ಚಳವಾಗುತ್ತದೆ. ಮರಗಳ ನಡುವೆ ಗುಣಿ ತೋಡಿ ಹೂಳುವುದಾದರೆ ತಗ್ಗು ಮೇಲಾಗಿ ಅಂಗಾತ ಇಡಬೇಕು. ಇಳಿದುಬರುವ ನೀರನ್ನು ಹಿಡಿದಿಡುವ ಬಟ್ಟಲಾಗುತ್ತದೆ. ಹೂತ ಮಟ್ಟೆಯ ಪ್ರಯೋಜನ ಐದಾರು ವರ್ಷ ಸಿಗುತ್ತದೆ. ಮಗುಚುವುದರಲ್ಲೇ ಇಷ್ಟು ವ್ಯತ್ಯಾಸ ಮಾಡುವ ವಸ್ತುವಿಗೆ ಬೆಂಕಿ ಹಾಕಬಾರದು.

ಕೊನೆಗೆ ಇಳುವರಿ. ಇದು ಒಟ್ಟು ಫಸಲಲ್ಲ, ಇಂತಿಷ್ಟು ನೆಲಕ್ಕೆ ಇಂತಿಷ್ಟು ಎಂಬ ದರ. ಬೆಳೆ ವಿಮೆಗಾಗಿ ಇದನ್ನು ಅಳೆಯುವ ರೀತಿ ನೋಡಿದರೆ ಗೊಂದಲ ಉಳಿಯುವುದಿಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಹೊಲವನ್ನೂ, ಹೊಲದೊಳಗಿನ ಜಾಗವನ್ನೂ ಯಾರ ಇಷ್ಟಕ್ಕೂ ಬಿಡದೆ ಯಾದೃಚ್ಛಿಕ ಸಂಖ್ಯೆಯಿಂದ ಆರಿಸುತ್ತಾರೆ. ರಾಗಿಯಾದರೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಿ ಕೊಯ್ದು, ಬಡಿದು, ಕಾಳು ತೂಗುತ್ತಾರೆ. ಆ ಚೌಕ ಹೆಕ್ಟೇರಿನ ನಾನೂರನೇ ಒಂದು ಭಾಗ. ಒಣಗಿದ ಕಾಳು ಎರಡೂವರೆ ಕಿಲೋ ತೂಗಿದರೆ ಇಳುವರಿ ಹೆಕ್ಟೇರಿಗೆ 1,000 ಕಿಲೋ, ಅಂದರೆ 10 ಕ್ವಿಂಟಾಲ್. ಎಕರೆಗೆ ಸುಮಾರು ನಾಲ್ಕು ಕ್ವಿಂಟಾಲ್. ಚೌಕದಲ್ಲಿ ನೂರು ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕಿಲೋ ತಪ್ಪುತ್ತದೆ. ಹಸಿ ಕಾಳಿನ ತೂಕವನ್ನೇ ಬರೆದುಕೊಂಡರೆ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ರೈತರಿಗೆ ಬರಬೇಕಾದ ಪರಿಹಾರ ಕಡಿಮೆಯಾಗಬಹುದು. ಸುದ್ದಿಯಲ್ಲಿ ಇಳುವರಿ ಓದಿದಾಗ ಎಕರೆಗೋ ಹೆಕ್ಟೇರಿಗೋ ಎಂದು ಮೊದಲು ನೋಡಿ, ಎರಡರ ನಡುವೆ ಎರಡೂವರೆ ಪಟ್ಟು ಅಂತರವಿದೆ.

ವಿದ್ಯಾರ್ಥಿನಿ ಬರೆದ ಶೀರ್ಷಿಕೆಗಳನ್ನು ಈಗ ಒಟ್ಟಿಗೆ ಇಟ್ಟು ಓದಬಹುದು. ಒಂದು ಊರಿನಲ್ಲಿ ನೂರು ಎಕರೆ ರಾಗಿ, ಎಕರೆಗೆ ಐದು ಕ್ವಿಂಟಾಲ್ ಎಂದುಕೊಳ್ಳಿ. ಉತ್ಪಾದನೆ 500 ಕ್ವಿಂಟಾಲ್. ಮರುವರ್ಷ ಬಿತ್ತನೆ ಮಳೆ ಕೈಕೊಟ್ಟಾಗ ರೈತರು ಮೊದಲು ಬೀಳು ಬಿಡುವುದು ತೇವ ನಿಲ್ಲದ ದಿಬ್ಬದ ಹೊಲಗಳನ್ನು. ತಗ್ಗಿನ, ಹದ ಉಳಿದ 60 ಎಕರೆಗೆ ಮಾತ್ರ ಬಿತ್ತುತ್ತಾರೆ. ಅಲ್ಲಿ ಎಕರೆಗೆ ಆರು ಕ್ವಿಂಟಾಲ್ ಬಂದರೆ ಇಳುವರಿ ಏರಿತು, ಉತ್ಪಾದನೆ 360ಕ್ಕೆ ಇಳಿಯಿತು. ‘ರಾಗಿ ಇಳುವರಿ ಹೆಚ್ಚಳ’ ಎಂಬ ಶೀರ್ಷಿಕೆಯಲ್ಲಿ ಸುಳ್ಳಿಲ್ಲ, ಆದರೂ ಆ ವರ್ಷ ಊರಿನ ಎಷ್ಟೋ ಮನೆಗಳ ಕಣಜ ತುಂಬಿಲ್ಲ. ಇಳುವರಿಯ ಅಂಕಿ ಕಂಡಾಗಲೆಲ್ಲ ಅದರ ಪಕ್ಕದಲ್ಲಿ ಬೀಳು ಎಷ್ಟಿತ್ತು ಎಂಬುದನ್ನೂ ಹುಡುಕಿ ಓದಿ.