ಹದಿನೇಳರಲ್ಲಿ ಒಂದು ರಜೆ ಎಲ್ಲಿ ಹೋಯ್ತು?

ಕಂಪನಿಯಲ್ಲಿ ಹಾಜರಿ ಮತ್ತು ರಜೆಯ ಲೆಕ್ಕ ರಿಜಿಸ್ಟರಿನಿಂದಲೋ ಹಳೆಯ ಪಂಚಿಂಗ್ ಮೆಷಿನ್ನಿನಿಂದಲೋ ಹೊಸ ಸಾಫ್ಟ್‌ವೇರಿಗೆ ಬದಲಾಗುವಾಗ ಎಚ್‌ಆರ್ ವಿಭಾಗದವರು ಒಂದು ಪಿಪಿಟಿ ಸಿದ್ಧಪಡಿಸುತ್ತಾರೆ. ಅದನ್ನು ಕ್ಯಾಂಟೀನಿನಲ್ಲೋ ಮೀಟಿಂಗ್ ಹಾಲಿನಲ್ಲೋ ಪರದೆಯ ಮೇಲೆ ತೋರಿಸಿ, ಆಮೇಲೆ ವಾಟ್ಸ್ಯಾಪ್ ಗ್ರೂಪಿಗೆ ಕಳಿಸುತ್ತಾರೆ. ನಾನು ನೋಡಿದ ಇಂಥ ಪಿಪಿಟಿಗಳಲ್ಲಿ ಮೊದಲ ನಾಲ್ಕೈದು ಸ್ಲೈಡು ಸಾಮಾನ್ಯವಾಗಿ ಆಡಳಿತ ಮಂಡಳಿಯ ಸಂದೇಶಕ್ಕೆ, ಕಾಗದ ಉಳಿಯುತ್ತದೆ ಎಂಬ ಮಾತಿಗೆ, ಆ್ಯಪ್‌ನ ಬಣ್ಣದ ಚಿತ್ರಗಳಿಗೆ ಮೀಸಲು. ಎದುರಿಗೆ ಕುಳಿತವರಿಗೆ ಬೇಕಾದದ್ದು ಬೇರೆ. ಇಲ್ಲಿಯವರೆಗೆ ಉಳಿಸಿಕೊಂಡ ರಜೆ ಹಾಗೇ ಇರುತ್ತದೆಯೇ, ಮೆಷಿನ್ ತಪ್ಪು ಮಾಡಿದರೆ ನನ್ನ ಸಂಬಳ ಹೋಗುತ್ತದೆಯೇ, ಹೋದರೆ ಯಾರನ್ನು ಕೇಳಬೇಕು? ಈ ಮೂರಕ್ಕೆ ಉತ್ತರ ಕೊಡದ ಪಿಪಿಟಿ ಎಷ್ಟು ಚೆಂದವಾಗಿದ್ದರೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ, ಮೂರು ಶಿಫ್ಟಿನ ಒಂದು ಕಾರ್ಖಾನೆ ಎಂದುಕೊಳ್ಳಿ. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಿಗ್ಗೆ ಆರು. ಇಲ್ಲಿ ಸಂಬಳದ ಲೆಕ್ಕ ತಿಂಗಳ 21ರಿಂದ ಮುಂದಿನ ತಿಂಗಳ 20ರವರೆಗೆ. ಇಷ್ಟು ದಿನ ರಜೆ ಚೀಟಿಯನ್ನು ಸೂಪರ್‌ವೈಸರ್ ಸಹಿ ಹಾಕಿ ಆಫೀಸಿಗೆ ಕಳಿಸುತ್ತಿದ್ದರು. ಇನ್ನು ಗೇಟಿನಲ್ಲಿ ಮುಖ ಗುರುತಿಸುವ ಮೆಷಿನ್, ರಜೆಗೆ ಆ್ಯಪ್.

ಮೊದಲು ಉಳಿದ ರಜೆಯ ಲೆಕ್ಕ. ಒಬ್ಬ ಆಪರೇಟರ್ ಕಳೆದ ವರ್ಷ 276 ದಿನ ಕೆಲಸ ಮಾಡಿದ್ದಾರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಪ್ರತಿ 20 ದಿನದ ಕೆಲಸಕ್ಕೆ ಒಂದು ಗಳಿಕೆ ರಜೆ ಎಂಬ ಲೆಕ್ಕವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಇಪ್ಪತ್ತಕ್ಕೊಂದು ಎಂಬುದು ಉಳಿದಿದೆ. ಆದರೆ ಈ ರಜೆಗೆ ಅರ್ಹರಾಗಲು ವರ್ಷಕ್ಕೆ 240 ದಿನ ಕೆಲಸ ಮಾಡಬೇಕಿದ್ದದ್ದು 180ಕ್ಕೆ ಇಳಿದಿದೆ. 276ನ್ನು 20ರಿಂದ ಭಾಗಿಸಿದರೆ 13.8. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಅದನ್ನು ಪೂರ್ತಿ ಒಂದು ದಿನವೆಂದು ಹಿಡಿಯಬೇಕು, ಕಡಿಮೆಯಿದ್ದರೆ ಬಿಡಬಹುದು ಎಂದು ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಆಫೀಸಿನವರು ರಿಜಿಸ್ಟರಿನಲ್ಲಿ ಬರೆದದ್ದೂ ಹಾಗೆಯೇ, 14 ಎಂದು. ಹಿಂದಿನ ವರ್ಷದಿಂದ ಬಂದ ರಜೆ 9, ಈ ವರ್ಷ ಹಾಕಿದ್ದು 6. ಉಳಿದದ್ದು 17.

ಹೊಸ ಸಾಫ್ಟ್‌ವೇರಿಗೆ ಹಳೆಯ ಅಂಕಿಗಳನ್ನು ತುಂಬುವಾಗ ದಶಾಂಶ ಬಿಟ್ಟುಹೋಗಿ 13.8 ಎಂಬುದು 13 ಆಯಿತು. ಆಪರೇಟರ್ ಆ್ಯಪ್ ತೆರೆದು ನೋಡಿದರೆ 16. “ಮೇಡಂ, ನಂದು ಹದಿನೇಳು ಇತ್ತು, ಇಲ್ಲಿ ಹದಿನಾರು ತೋರಿಸ್ತಿದೆ” ಎಂದು ಅವರು ಕೇಳಿದಾಗ ಎಚ್‌ಆರ್‌ನವರ ಬಳಿ ಒಂದು ಸ್ಲೈಡು ಇರಬೇಕು. ಅದರಲ್ಲಿ ಇದೇ ನಾಲ್ಕು ಸಾಲು ಬೇಕು: ಹಿಂದಿನದು, ಈ ವರ್ಷ ಸೇರಿದ್ದು, ಹಾಕಿದ್ದು, ಉಳಿದದ್ದು. ಪ್ರತಿಯೊಂದು ಅಂಕಿ ಎಲ್ಲಿಂದ ಬಂತು, ಭಿನ್ನಾಂಶವನ್ನು ಹೇಗೆ ಹಿಡಿದೆವು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ, ಬದಲಾವಣೆಗೆ ಮೊದಲೇ ಪ್ರತಿಯೊಬ್ಬರ ಬಾಕಿಯನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು, ಸರಿಯಿಲ್ಲದಿದ್ದರೆ ಇಂಥ ತಾರೀಖಿನೊಳಗೆ ಹೇಳಿ ಎನ್ನುವುದು. ಒಂದು ದಿನದ ರಜೆ ಆಫೀಸಿಗೆ ಚಿಲ್ಲರೆ ಅನ್ನಿಸಬಹುದು. ತಂಗಿಯ ಮದುವೆಗೆಂದೋ ಊರ ಜಾತ್ರೆಗೆಂದೋ ದಿನಗಳನ್ನು ಕೂಡಿಟ್ಟವರಿಗೆ ಅದು ಚಿಲ್ಲರೆಯಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಸಂಗತಿಯನ್ನು ಬಹಳ ಪಿಪಿಟಿಗಳು ಮರೆಯುತ್ತವೆ. ಚೀಟಿಯಲ್ಲಿ ಈಗಾಗಲೇ ಮಂಜೂರಾದ, ಮುಂದಿನ ತಿಂಗಳಿನ ರಜೆಯ ಗತಿಯೇನು? ಅದನ್ನು ಆಫೀಸಿನವರೇ ಹೊಸ ವ್ಯವಸ್ಥೆಗೆ ಏರಿಸುತ್ತಾರೋ, ನೌಕರರೇ ಆ್ಯಪ್‌ನಲ್ಲಿ ಮತ್ತೆ ಹಾಕಬೇಕೋ? ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ, ಮಂಜೂರಾದ ರಜೆಯ ಮೇಲೆ ಊರಿಗೆ ಹೋದವರು ಹೊಸ ಲೆಕ್ಕದಲ್ಲಿ ಗೈರುಹಾಜರಾಗಿರುತ್ತಾರೆ.

ಯಾವ ದಿನದಿಂದ ಬದಲಾವಣೆ ಎಂಬುದಕ್ಕೂ ಸಂಬಳಕ್ಕೂ ನೇರ ಸಂಬಂಧವಿದೆ. ಹೊಸ ವ್ಯವಸ್ಥೆ ಜುಲೈ 1ರಿಂದ ಎಂದು ಘೋಷಿಸಿದರೆ ಕೇಳಲು ಅಚ್ಚುಕಟ್ಟು. ಆದರೆ ಈ ಕಾರ್ಖಾನೆಯ ಜುಲೈ ಸಂಬಳಕ್ಕೆ ಜೂನ್ 21ರಿಂದ 30ರವರೆಗೆ ಹಳೆಯ ರಿಜಿಸ್ಟರ್, ಜುಲೈ 1ರಿಂದ 20ರವರೆಗೆ ಹೊಸ ಮೆಷಿನ್. ಎರಡು ಲೆಕ್ಕಗಳನ್ನು ಕೈಯಲ್ಲಿ ಕೂಡಿಸಬೇಕು, ತಪ್ಪು ನುಸುಳುವುದೇ ಅಲ್ಲಿ. ಜುಲೈ 21ರಂದು ಬದಲಾಯಿಸಿದರೆ ಒಂದು ಸಂಬಳ ಪೂರ್ತಿ ಹಳೆಯದರಲ್ಲಿ, ಮುಂದಿನದು ಪೂರ್ತಿ ಹೊಸದರಲ್ಲಿ. ಹೀಗೆ ಮಾಡಲಾಗದಿದ್ದರೆ, ಯಾವ ತಾರೀಖಿನವರೆಗೆ ಯಾವ ಲೆಕ್ಕ ಎಂದು ಸ್ಲೈಡಿನಲ್ಲಿ ಎರಡೂ ತಾರೀಖು ಬರೆಯಲೇಬೇಕು.

ಇನ್ನು ಮೆಷಿನ್ನಿನ ತಪ್ಪು. ಇಲ್ಲಿ ಹೆಚ್ಚು ಪೆಟ್ಟು ತಿನ್ನುವವರು ರಾತ್ರಿ ಪಾಳಿಯವರು, ಪಿಪಿಟಿಯಲ್ಲಿ ಅವರ ಮಾತೇ ಇರುವುದಿಲ್ಲ. ಸಾಫ್ಟ್‌ವೇರಿಗೆ ಶಿಫ್ಟ್ ಸರಿಯಾಗಿ ಹೇಳಿಕೊಡದಿದ್ದರೆ ಅದು ನಡುರಾತ್ರಿಗೆ ದಿನ ಮುಗಿಸುತ್ತದೆ. ಆ ದಿನದ ಮೊದಲ ಪಂಚ್ ಒಳಗೆ ಬಂದದ್ದು, ಕೊನೆಯ ಪಂಚ್ ಹೊರಗೆ ಹೋದದ್ದು ಎಂದು ತಿಳಿಯುತ್ತದೆ. ನಮ್ಮ ಆಪರೇಟರ್ ಸೋಮವಾರ ರಾತ್ರಿ 9:54ಕ್ಕೆ ಒಳಗೆ ಬಂದರು. ಸೋಮವಾರದ ಲೆಕ್ಕದಲ್ಲಿರುವುದು ಅದೊಂದೇ ಪಂಚ್, ಹಾಗಾಗಿ ಆ ದಿನ ಗೈರು. ಮಂಗಳವಾರ ಬೆಳಿಗ್ಗೆ 6:03ಕ್ಕೆ ಹೊರಗೆ ಹೋಗಿ, ಅದೇ ರಾತ್ರಿ 9:55ಕ್ಕೆ ಮತ್ತೆ ಬಂದರು. ಮೆಷಿನ್ನಿನ ಕಣ್ಣಿಗೆ ಅವರು ಬೆಳಿಗ್ಗೆ ಬಂದು ರಾತ್ರಿ ಹೋದವರು, ಮಂಗಳವಾರ 15 ಗಂಟೆ 52 ನಿಮಿಷ ದುಡಿದವರು. ಶನಿವಾರದವರೆಗೂ ಇದೇ ಕಥೆ. ಭಾನುವಾರ ಬೆಳಿಗ್ಗೆ ಹೊರಗೆ ಹೋದ ಪಂಚ್ ಮತ್ತೆ ಒಂಟಿಯಾಗಿ ಉಳಿಯುತ್ತದೆ.

ಹೀಗೆ ಒಂದು ವಾರದಲ್ಲಿ ಒಂದು ದಿನದ ಸಂಬಳ ಹೋಗುತ್ತದೆ, ಐದು ದಿನ ಮಾಡದ ಓಟಿ ಸೇರಿಕೊಳ್ಳುತ್ತದೆ. ಓಟಿ ಮೊತ್ತ ನೋಡಿ ಗಾಬರಿಯಾದ ಆಫೀಸಿನವರು ರಾತ್ರಿ ಪಾಳಿಗೆ ಓಟಿಯನ್ನೇ ನಿಲ್ಲಿಸಿಬಿಟ್ಟರೆ, ನಿಜವಾಗಿ ಹೆಚ್ಚು ಹೊತ್ತು ನಿಂತವರ ದುಡ್ಡೂ ಹೋಗುತ್ತದೆ. ಪರಿಹಾರ ಸರಳ. ರಾತ್ರಿ ಹತ್ತರ ಶಿಫ್ಟಿಗೆ ಹಾಕಿದವರು ಮರುದಿನ ಮಧ್ಯಾಹ್ನದೊಳಗೆ ಮಾಡುವ ಪಂಚ್ ಹಿಂದಿನ ದಿನಕ್ಕೇ ಸೇರಬೇಕೆಂದು ಸಾಫ್ಟ್‌ವೇರಿನಲ್ಲಿ ಹೊಂದಿಸಬೇಕು. ಸರಿಯಾಗಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ರಾತ್ರಿ ಪಾಳಿಯ ವಾರ ಮುಗಿದ ಮೇಲೆ ಭಾನುವಾರದ ಸಾಲು ತೆರೆಯಿರಿ. ಅಲ್ಲಿ ಬೆಳಗಿನ ಪಂಚ್ ಕಂಡರೆ ಲೆಕ್ಕ ತಪ್ಪಿದೆ. ಪಿಪಿಟಿಯಲ್ಲಿ ತೋರಿಸುವ ಮಾದರಿ ಹಾಜರಿ ಪಟ್ಟಿ ಬೆಳಗಿನ ಶಿಫ್ಟಿನದಾಗಿರುವ ಬದಲು ಈ ರಾತ್ರಿ ಪಾಳಿಯ ವಾರದ್ದೇ ಆಗಿರಲಿ.

ತಡವಾಗಿ ಬಂದವರ ಸ್ಲೈಡಿಗೂ ಇಷ್ಟೇ ಗಮನ ಬೇಕು. ಬೆಳಗಿನ ಶಿಫ್ಟಿಗೆ ಇನ್ನೂರು ಜನ, ಗೇಟಿನಲ್ಲಿ ಎರಡು ಮೆಷಿನ್. ಒಬ್ಬರ ಮುಖ ಗುರುತಿಸಲು ನಾಲ್ಕು ಸೆಕೆಂಡ್ ಹಿಡಿದರೂ ಒಂದೊಂದು ಸಾಲು ಕರಗಲು ಆರು ನಿಮಿಷ ನಲವತ್ತು ಸೆಕೆಂಡ್ ಬೇಕು. 5:55ಕ್ಕೆ ಗೇಟಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತವರ ಪಂಚ್ ಬೀಳುವುದು ಆರು ದಾಟಿದ ಮೇಲೆ. ಮುಖಕ್ಕೆ ಎದುರುಬಿಸಿಲು ಬಿದ್ದರೆ, ಮಾಸ್ಕ್ ತೆಗೆಯಬೇಕಾದರೆ ಇನ್ನೂ ತಡ. ಹತ್ತು ನಿಮಿಷದ ಸಡಿಲಿಕೆ ಕೊಡುವುದು ದೊಡ್ಡ ಮನಸ್ಸಿನ ಮಾತಲ್ಲ, ಮೆಷಿನ್ನಿನ ವೇಗಕ್ಕೆ ಬೇಕಾದ ಲೆಕ್ಕ.

ಮೂರು ದಿನ ತಡವಾದರೆ ಅರ್ಧ ದಿನದ ಸಂಬಳ ಕಟ್ ಎಂಬ ನಿಯಮ ಎಷ್ಟೋ ಕಡೆ ಇದೆ. ಹೊಸ ಸಾಫ್ಟ್‌ವೇರ್ ಅದನ್ನು ಯಾರ ಮುಖವನ್ನೂ ನೋಡದೆ ತಾನಾಗಿಯೇ ಜಾರಿ ಮಾಡುತ್ತದೆ. ಸಾಮಾನ್ಯವಾಗಿ ಗೈರಿಗೆ ಮಾಡುವ ಸಂಬಳ ಕಡಿತ ಕೆಲಸ ಮಾಡದ ಹೊತ್ತಿಗೆ ತಕ್ಕಷ್ಟೇ ಇರಬೇಕು ಎಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಮೂರು ದಿನ ಹನ್ನೆರಡು ಹನ್ನೆರಡು ನಿಮಿಷ ತಡವಾದರೆ ಒಟ್ಟು 36 ನಿಮಿಷ. ಅದಕ್ಕೆ ನಾಲ್ಕು ಗಂಟೆಯ ಸಂಬಳ ಹಿಡಿಯುವುದು ಈ ಅಳತೆಗೆ ಹೊಂದುವುದಿಲ್ಲ. ಹಳೆಯ ರೂಢಿಯನ್ನು ಹಾಗೇ ಸ್ಲೈಡಿಗೆ ಇಳಿಸುವ ಮೊದಲು ಎಚ್‌ಆರ್‌ನವರು ಇದನ್ನು ಪರಿಶೀಲಿಸಬೇಕು. ಒಮ್ಮೆ ಸಾಫ್ಟ್‌ವೇರಿಗೆ ಹೋದ ನಿಯಮವನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ.

ಪಂಚ್ ಮರೆತರೆ, ಮೆಷಿನ್ ಗುರುತಿಸದಿದ್ದರೆ ತಿದ್ದಿಸಿಕೊಳ್ಳುವ ದಾರಿ ಎಲ್ಲ ವ್ಯವಸ್ಥೆಯಲ್ಲೂ ಇರುತ್ತದೆ. ಆ್ಯಪ್‌ನಲ್ಲಿ ಕಾರಣ ಬರೆದು ಅರ್ಜಿ ಹಾಕಿದರೆ ಸೂಪರ್‌ವೈಸರ್ ಒಪ್ಪಬೇಕು. ಪಿಪಿಟಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. 20ಕ್ಕೆ ಲೆಕ್ಕ ಮುಗಿದು, 24ರವರೆಗೆ ತಿದ್ದಲು ಅವಕಾಶವಿದೆ ಎಂದುಕೊಳ್ಳಿ. ಆಪರೇಟರ್ 19ಕ್ಕೇ ಅರ್ಜಿ ಹಾಕಿದ್ದಾರೆ, ಸೂಪರ್‌ವೈಸರ್ ರಜೆಯ ಮೇಲೆ ಹೋಗಿದ್ದಾರೆ. 24ರ ರಾತ್ರಿ ಆ ಅರ್ಜಿ ಏನಾಗುತ್ತದೆ? ಕೆಲವು ಕಡೆ ಗೈರೆಂದು ಹಿಡಿದು ಸಂಬಳ ಕತ್ತರಿಸುತ್ತಾರೆ, ಕೆಲವು ಕಡೆ ಹಾಜರೆಂದು ಹಿಡಿದು ಆಮೇಲೆ ತಿದ್ದುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಸರಿ. ನೌಕರರು ತಮ್ಮ ಕೆಲಸ ಮಾಡಿಯಾಗಿದೆ, ಬಾಕಿಯಿರುವುದು ಮೇಲಿನವರ ಒಂದು ಒತ್ತು. ಯಾವುದನ್ನೇ ಆರಿಸಿಕೊಳ್ಳಲಿ, ಅದು ಸ್ಲೈಡಿನಲ್ಲಿರಲಿ. ಸೂಪರ್‌ವೈಸರ್ ಇಲ್ಲದಾಗ ಅರ್ಜಿ ಯಾರಿಗೆ ಹೋಗುತ್ತದೆ ಎಂಬುದೂ ಇರಲಿ.

ಈ ಪಿಪಿಟಿ ಯಾವ ಭಾಷೆಯಲ್ಲಿದೆ ಎಂಬುದನ್ನೂ ನೋಡಬೇಕು. ಪೀಣ್ಯದಂಥ ಕಡೆ ಕನ್ನಡದ ಜೊತೆ ಹಿಂದಿ, ಒಡಿಯಾ ಮಾತಾಡುವವರೂ ಇದ್ದಾರೆ. ಇಂಗ್ಲಿಷ್ ಸ್ಲೈಡನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ವಿವರಿಸಿದರೆ ಆ ಹೊತ್ತಿಗೆ ಅರ್ಥವಾಗುತ್ತದೆ, ಆದರೆ ತಿಂಗಳು ಕಳೆದು ಸಂಬಳದ ಚೀಟಿ ಹಿಡಿದು ತೆರೆದು ನೋಡುವಾಗ ಆ ವಿವರಣೆ ಇರುವುದಿಲ್ಲ. ಮುಖದ ಚಿತ್ರ ತೆಗೆದುಕೊಳ್ಳಲು ಒಪ್ಪಿಗೆ ಕೇಳುವ ಸ್ಲೈಡಿಗಂತೂ ಇದು ಇನ್ನೂ ಮುಖ್ಯ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದಲು ಅವಕಾಶವಿರಬೇಕು. ಕನ್ನಡವೂ ಒಡಿಯಾವೂ ಆ ಪಟ್ಟಿಯಲ್ಲಿವೆ. ಮುಖದ ಮಾಹಿತಿ ಎಲ್ಲಿ ಉಳಿಯುತ್ತದೆ, ಕೆಲಸ ಬಿಟ್ಟ ಮೇಲೆ ಯಾವಾಗ ಅಳಿಸುತ್ತಾರೆ ಎಂಬ ಎರಡು ಸಾಲೂ ಅಲ್ಲೇ ಬೇಕು.

ಶಾಪ್ ಫ್ಲೋರಿನಲ್ಲಿ ಮೊಬೈಲ್ ನಿಷೇಧಿಸಿ ರಜೆಯನ್ನು ಆ್ಯಪ್‌ನಲ್ಲೇ ಹಾಕಿ ಎಂದರೆ ಆಗದು. ಗೇಟಿನ ಬಳಿ ಒಂದು ಕಂಪ್ಯೂಟರ್, ಅದರ ಪಕ್ಕ ಮೊದಲ ಎರಡು ತಿಂಗಳು ಕೂರುವ ಒಬ್ಬರು ಬೇಕು. ಅವರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುತ್ತಾರೆಂಬುದು ಪಿಪಿಟಿಯಲ್ಲಿರಬೇಕು. ಆ ಹೊತ್ತಿನಲ್ಲಿ ಬೆಳಿಗ್ಗೆ ಆರಕ್ಕೆ ಹೊರಗೆ ಹೋಗುವವರೂ ಸೇರಿರಬೇಕು. ಗುತ್ತಿಗೆ ಕಾರ್ಮಿಕರ ಹಾಜರಿ ಇದೇ ಮೆಷಿನ್ನಿನಲ್ಲಿ ಬಿದ್ದು ರಜೆಯ ಲೆಕ್ಕ ಗುತ್ತಿಗೆದಾರರ ಬಳಿಯೇ ಉಳಿಯುವುದಾದರೆ, ಅವರು ಯಾರ ಬಳಿ ಹೋಗಬೇಕೆಂದು ಅವರಿಗೆ ಬೇರೆಯೇ ಸ್ಲೈಡು ಬೇಕು.

ಹಳೆಯ ರಿಜಿಸ್ಟರನ್ನು ಹೊಸದು ಶುರುವಾದ ದಿನವೇ ಕಪಾಟಿಗೆ ಸೇರಿಸಬಾರದು. ಎರಡು ಸಂಬಳ ಮುಗಿಯುವವರೆಗೆ ಎರಡರಲ್ಲೂ ಹಾಜರಿ ಬಿದ್ದು, ಪ್ರತಿ ತಿಂಗಳು 21ರಂದು ಎರಡನ್ನೂ ಹೋಲಿಸಿ, ವ್ಯತ್ಯಾಸ ಬಂದವರ ಪಟ್ಟಿಯನ್ನು ಸಂಬಳ ಹಾಕುವ ಮೊದಲೇ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಮೊದಲ ತಿಂಗಳು ಆ ಪಟ್ಟಿ ಉದ್ದವಾಗಿಯೇ ಇರುತ್ತದೆ, ಅದರಲ್ಲಿ ಹೆಚ್ಚಿನವರು ರಾತ್ರಿ ಪಾಳಿಯವರಾಗಿದ್ದರೆ ದಿನ ಎಲ್ಲಿ ಮುಗಿಯುತ್ತದೆ ಎಂಬ ಹೊಂದಾಣಿಕೆ ಇನ್ನೂ ಸರಿಯಾಗಿಲ್ಲ ಎಂದೇ ತಿಳಿಯಬೇಕು. ಎರಡನೇ ತಿಂಗಳೂ ಅದೇ ಹೆಸರುಗಳು ಬಂದರೆ, ರಿಜಿಸ್ಟರ್ ಮೂರನೇ ತಿಂಗಳೂ ಮೇಜಿನ ಮೇಲೆಯೇ ಇರಲಿ.